ಒಗ್ಗರಣೆ ಎಣ್ಣೆ ಸಿಡಿದರೆ ಮೊದಲು ನಲ್ಲಿ ತಿರುಗಿಸಿ

ಕೈ ಸುಟ್ಟ ತಕ್ಷಣ ನಮ್ಮ ಮನೆಗಳಲ್ಲಿ ಟೂತ್‌ಪೇಸ್ಟ್, ದೋಸೆ ಹಿಟ್ಟು, ಅರಿಸಿನ ಎಂದು ಹುಡುಕಾಟ ಶುರುವಾಗುತ್ತದೆ. ಆಗ ಬೇಕಿರುವುದು ನೀರು. ನೀರು ಹಾಕುವವರೂ ಅರ್ಧ ನಿಮಿಷಕ್ಕೇ ನಿಲ್ಲಿಸಿಬಿಡುತ್ತಾರೆ.

1. ಒಲೆ ಆರಿಸಿ. ಕೈ ಊದಿಕೊಳ್ಳುವ ಮೊದಲೇ ಬಳೆ, ಉಂಗುರ ತೆಗೆಯಿರಿ.

2. ಸುಟ್ಟ ಜಾಗವನ್ನು ಹರಿಯುವ ನೀರಿನಡಿ ಪೂರ್ತಿ 20 ನಿಮಿಷ ಹಿಡಿಯಿರಿ. ಎಣ್ಣೆ ಒರೆಸಿಹೋದರೂ ಅದರ ಕಾವು ಚರ್ಮದೊಳಗೆ ಇಳಿಯುತ್ತಲೇ ಇರುತ್ತದೆ. ಎರಡು ನಿಮಿಷಕ್ಕೆ ಉರಿ ತಗ್ಗಿತೆಂದು ಕೈ ತೆಗೆದರೆ ಮತ್ತೆ ಉರಿಯುವುದು ಅದಕ್ಕೇ. ಗಡಿಯಾರ ನೋಡಿಕೊಂಡೇ ನಿಲ್ಲಿ. ಮಧ್ಯಾಹ್ನ ತಾರಸಿಯ ಟ್ಯಾಂಕ್ ನೀರು ಬಿಸಿಯಾಗಿರುತ್ತದೆ. ಮೊದಲ ನೀರನ್ನು ಹರಿಯಬಿಡಿ. ನಲ್ಲಿಯಲ್ಲಿ ನೀರಿಲ್ಲವೇ? ಬಕೆಟ್‌ನಿಂದ ಚೊಂಬಿನಲ್ಲಿ ನಿಧಾನವಾಗಿ ಸುರಿಯುತ್ತಿರಿ. ಐಸ್ ಮಾತ್ರ ಬೇಡವೇ ಬೇಡ. ಅದು ರಕ್ತನಾಳಗಳನ್ನು ಕುಗ್ಗಿಸಿ, ಬೆಂದ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ. ಸುಟ್ಟು ಹೊತ್ತಾಗಿದ್ದರೂ, 3 ಗಂಟೆಯೊಳಗೆ ನೀರು ಹಾಕಿದರೆ ಪ್ರಯೋಜನವಿದೆ. ಮಗುವಾದರೆ ಸುಟ್ಟ ಜಾಗ ಬಿಟ್ಟು ಉಳಿದ ಮೈಗೆ ಹೊದಿಕೆ ಹೊದಿಸಿ, ನಡುಕ ಬರಬಾರದು.

3. ಆಮೇಲೆ ಮುಚ್ಚಿ. ನನ್ನ ಆಯ್ಕೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್, ಅಂದರೆ ಆಹಾರ ಮುಚ್ಚಿಡುವ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿ: ಮೇಲಿನ ಸುತ್ತು ಎಸೆದು, ಒಳಗಿನದನ್ನು ಗಾಯದ ಮೇಲೆ ಹಾಸಿ, ಬಿಗಿಯಾಗಿ ಸುತ್ತಬೇಡಿ. ಇಲ್ಲದಿದ್ದರೆ ಒಗೆದ ತೆಳು ಪಂಚೆಯ ತುಂಡು ಸಾಕು. ಹತ್ತಿ ಇಟ್ಟರೆ ಎಳೆಗಳು ಗಾಯಕ್ಕೆ ಅಂಟುತ್ತವೆ. ಬೊಬ್ಬೆ ಒಡೆಯಬೇಡಿ, ಅದೇ ಒಳ್ಳೆಯ ಬ್ಯಾಂಡೇಜು. ಬಿಳಿ ಮುಲಾಮನ್ನು ದಪ್ಪಗೆ ಮೆತ್ತಿಕೊಂಡು ಹೋದರೆ ಗಾಯ ಎಷ್ಟು ಆಳವೆಂದು ವೈದ್ಯರಿಗೇ ಕಾಣುವುದಿಲ್ಲ.

4. ಸುಟ್ಟಿದ್ದು ಗಾಯಗೊಂಡವರ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗದ ಮೇಲೆ ಬೊಬ್ಬೆ ಎದ್ದಿದ್ದರೆ, ಕರೆಂಟ್ ಅಥವಾ ಆಸಿಡ್‌ನಿಂದ ಆಗಿದ್ದರೆ, ಪುಟ್ಟ ಮಗುವಾಗಿದ್ದರೆ ವೈದ್ಯರ ಬಳಿ ಹೋಗಿ. ಚರ್ಮ ಬೆಳ್ಳಗಾಗಿ ಅಥವಾ ಕಪ್ಪಾಗಿ ನೋವೇ ಇಲ್ಲವೆಂದರೆ ಸಮಾಧಾನ ಪಡಬೇಡಿ, ನರಗಳೂ ಸುಟ್ಟಿರಬಹುದು.

5. ಈಳಿಗೆ ತಾಗಿ ಬೆರಳು ಕೊಯ್ದರೆ ಶುದ್ಧ ಬಟ್ಟೆಯಿಂದ 10 ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ. ‘ನಿಂತಿತೇ’ ಎಂದು ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಬರುತ್ತದೆ. ನಿಂತ ಮೇಲೆ ನಲ್ಲಿ ನೀರಲ್ಲಿ ತೊಳೆದು ಪಟ್ಟಿ ಹಾಕಿ. ಕಾಫಿ ಪುಡಿ ತುಂಬಿದರೆ ಅದನ್ನು ಗಾಯದೊಳಗಿಂದ ತೆಗೆಯುವುದೇ ಇನ್ನೊಂದು ಕೆಲಸ. ಒತ್ತಿದರೂ ರಕ್ತ ನಿಲ್ಲದಿದ್ದರೆ, ಗಾಯ ಬಾಯಿಬಿಟ್ಟಿದ್ದರೆ, ಬೆರಳು ಮಡಚಲಾಗದಿದ್ದರೆ, ತುದಿ ಜೋಮು ಹಿಡಿದಿದ್ದರೆ ಅಂದೇ ತೋರಿಸಿ. ಮಣ್ಣು, ತುಕ್ಕು ತಾಗಿದ್ದು, ಕೊನೆಯ ಟಿಟಿ ಚುಚ್ಚುಮದ್ದು ಪಡೆದು 5 ವರ್ಷ ದಾಟಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.