ಟಿವಿ ತಾನಾಗಿ ಆಫ್ ಆದಾಗ ಗಡಿಯಾರ ಹಿಡಿದು ಕೂತೆ

ಒಂದು ಸಂಜೆ ಸುದ್ದಿ ನೋಡುತ್ತಿದ್ದಾಗಲೇ ನಮ್ಮ ಟಿವಿ ಆಫ್ ಆಯಿತು. ಕರೆಂಟ್ ಹೋಗಿರಲಿಲ್ಲ. ರಿಮೋಟ್ ಒತ್ತಿದೆ, ಆನ್ ಆಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಆಫ್. "ರೀ, ಯಾರೋ ಟೈಮರ್ ಹಾಕಿರಬೇಕು, ನೋಡಿ" ಎಂದಳು ಹೆಂಡತಿ. ನನಗೂ ಮೊದಲು ಹಾಗೇ ಅನ್ನಿಸಿತು.

ಮೆನು ತೆಗೆದು ನೋಡಿದೆ. Sleep Timer ಆಫ್ ಆಗಿಯೇ ಇತ್ತು. ಆದರೆ ಟಿವಿ ತಾನಾಗಿ ಆಫ್ ಆಗುವ ಸೆಟ್ಟಿಂಗ್ ಅದೊಂದೇ ಅಲ್ಲ. ನಮ್ಮ ಟಿವಿಯಲ್ಲಿ Auto Power Off ಅಂತ ಇನ್ನೊಂದಿದೆ. 4 ಗಂಟೆ ಯಾರೂ ರಿಮೋಟ್ ಮುಟ್ಟದಿದ್ದರೆ ಅದು ಟಿವಿ ಆಫ್ ಮಾಡುತ್ತದೆ. ಸಿಗ್ನಲ್ ಬರದೆ 15 ನಿಮಿಷ ಕಳೆದರೆ ಆಫ್ ಮಾಡುವುದು ಮೂರನೆಯದು. ಇವೆಲ್ಲ ಒಂದೇ ಕಡೆ ಇರುವುದಿಲ್ಲ. ಒಂದು ಟೈಮ್ ಸೆಟ್ಟಿಂಗ್‌ನಲ್ಲಿದ್ದರೆ ಇನ್ನೊಂದು ವಿದ್ಯುತ್ ಉಳಿತಾಯದ ಮೆನುವಿನೊಳಗೆ ಅಡಗಿ ಕೂತಿರುತ್ತದೆ. ಹುಡುಕಿ ಹುಡುಕಿ ಮೂರನ್ನೂ ಆಫ್ ಮಾಡಿದೆ.

ಸೆಟ್‌ಟಾಪ್ ಬಾಕ್ಸ್ ಮೇಲೂ ಅನುಮಾನವಿತ್ತು. ಎಚ್‌ಡಿಎಂಐ ಕೇಬಲ್ ಮೂಲಕ ಬಾಕ್ಸ್ ಕೂಡ ಟಿವಿಯನ್ನು ಆಫ್ ಮಾಡಿಸಬಹುದು. ಹಾಗಾಗಿ ಕೇಬಲ್ ಕಿತ್ತು, ಪೆನ್‌ಡ್ರೈವ್‌ನಲ್ಲಿ ಒಂದು ಉದ್ದದ ಸಿನಿಮಾ ಹಾಕಿದೆ. ರಿಮೋಟಿನ ಬಟನ್ ಅಂಟಿಕೊಂಡು ತಾನೇ ಒತ್ತಿದಂತಾಗುವುದೂ ಉಂಟು. ಅದಕ್ಕೆ ಟಿವಿ ಆನ್ ಆದ ಮೇಲೆ ರಿಮೋಟಿನ ಸೆಲ್ ತೆಗೆದಿಟ್ಟೆ. ಈಗ ಉಳಿದದ್ದು ಟಿವಿ ಒಂದೇ.

ಆಮೇಲೆ ಗಡಿಯಾರ, ಒಂದು ಚೀಟಿ ಇಟ್ಟುಕೊಂಡು ಕೂತೆ. ಮನೆಯವರೆಲ್ಲ ನಕ್ಕರು. ಆದರೆ ಉತ್ತರ ಸಿಕ್ಕಿದ್ದು ಆ ಚೀಟಿಯಲ್ಲೇ.

ಆವತ್ತು ಬೆಳಿಗ್ಗೆಯಿಂದ ಟಿವಿ ಹಾಕಿರಲಿಲ್ಲ, ತಣ್ಣಗಿತ್ತು. ಮೊದಲ ಸಲ 24 ನಿಮಿಷ ಓಡಿ ಆಫ್ ಆಯಿತು. ತಕ್ಷಣ ಆನ್ ಮಾಡಿದೆ, 6 ನಿಮಿಷಕ್ಕೆ ಆಫ್. ಮತ್ತೆ ತಕ್ಷಣ ಆನ್ ಮಾಡಿದರೆ ಬರೀ 3 ನಿಮಿಷ. ಒಂದು ಗಂಟೆ ಸುಮ್ನೆ ಬಿಟ್ಟು ಹಾಕಿದೆ, 19 ನಿಮಿಷ ಬಂತು. ಮರುದಿನ ಬೆಳಿಗ್ಗೆ ಮತ್ತೆ 25 ನಿಮಿಷ.

ಟೈಮರ್ ಹೀಗೆ ಮಾಡುವುದಿಲ್ಲ, ಅಲ್ವಾ? ಅದಕ್ಕೆ ಟಿವಿ ಬಿಸಿಯಿದೆಯೋ ತಣ್ಣಗಿದೆಯೋ ಗೊತ್ತಿಲ್ಲ. 30 ಎಂದರೆ 30, 60 ಎಂದರೆ 60. ಆಫ್ ಆಗುವ ಮುಂಚೆ ಸಾಮಾನ್ಯವಾಗಿ ಪರದೆ ಮೇಲೆ ಒಂದು ಸೂಚನೆಯನ್ನೂ ತೋರಿಸುತ್ತದೆ. ಆಮೇಲೆ ಆನ್ ಮಾಡಿದರೆ ಏನೂ ಆಗದ ಹಾಗೆ ಓಡುತ್ತದೆ. ನಮ್ಮದು ಸೂಚನೆ ಕೊಡದೆ ಪಟಕ್ಕನೆ ಆಫ್ ಆಗುತ್ತಿತ್ತು. ಜೊತೆಗೆ ಹಿಂದಿನ ಸಲದ ಬಿಸಿ ಮುಂದಿನ ಸಲಕ್ಕೂ ಉಳಿಯುತ್ತಿತ್ತು. ಆರುವುದಕ್ಕೆ ಹೆಚ್ಚು ಹೊತ್ತು ಕೊಟ್ಟಷ್ಟೂ ಹೆಚ್ಚು ಹೊತ್ತು ಓಡುತ್ತಿತ್ತು. ಇದು ಬಿಸಿಯ ಲಕ್ಷಣ.

ಆದರೂ ಖಾತ್ರಿ ಬೇಕಿತ್ತು. ಟಿವಿಯನ್ನು ಚೂರು ಮುಂದಕ್ಕೆಳೆದು ಹಿಂಭಾಗದ ಮೇಲ್ತುದಿಯ ಮೇಲೆ ಕೈಯಿಟ್ಟೆ. ಚುರುಕ್ಕೆಂದಿತು. ಟೇಬಲ್ ಫ್ಯಾನ್ ತಂದು ಹಿಂಭಾಗಕ್ಕೆ ಗಾಳಿ ಬಡಿಯುವಂತೆ ಪಕ್ಕದಿಂದ ಇಟ್ಟೆ. ಸಿನಿಮಾ ಪೂರ್ತಿ ಮುಗಿಯಿತು, 2 ಗಂಟೆ 20 ನಿಮಿಷ, ಒಮ್ಮೆಯೂ ಆಫ್ ಆಗಲಿಲ್ಲ. ಫ್ಯಾನ್ ನಿಲ್ಲಿಸಿ ಟಿವಿಯನ್ನು ಮೊದಲಿನ ಜಾಗಕ್ಕೇ ತಳ್ಳಿ, ಸಿನಿಮಾ ಮತ್ತೆ ಹಾಕಿದೆ. ಅರ್ಧ ಗಂಟೆಯೊಳಗೆ ಆಫ್. ಇನ್ನು ಅನುಮಾನ ಉಳಿಯಲಿಲ್ಲ.

ಪ್ಲಗ್ ಕಿತ್ತು, ಟಿವಿ ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ಹಿಂಬದಿಗೆ ಟಾರ್ಚ್ ಹಾಕಿ ನೋಡಿದೆ. ಈಗಿನ ಹೆಚ್ಚಿನ ಎಲ್‌ಇಡಿ ಟಿವಿಗಳೊಳಗೆ ಫ್ಯಾನ್ ಇರುವುದಿಲ್ಲ. ತಂಪು ಗಾಳಿ ಕೆಳಗಿನ ಕಿಂಡಿಗಳಿಂದ ಒಳಗೆ ಹೋಗಿ, ಬಿಸಿಯಾಗಿ, ತಾನಾಗಿ ಮೇಲಿನ ಕಿಂಡಿಗಳಿಂದ ಹೊರಗೆ ಬರಬೇಕು. ನಾನು ಇಷ್ಟು ದಿನ ಬಟ್ಟೆಯಲ್ಲಿ ಒರೆಸುತ್ತಿದ್ದದ್ದು ಮೇಲಿನ ಕಿಂಡಿಗಳನ್ನು ಮಾತ್ರ. ಕೆಳಗಿನವು ಕಣ್ಣಿಗೆ ಬಿದ್ದೇ ಇರಲಿಲ್ಲ. ಅಲ್ಲಿ ಧೂಳು ಕಂಬಳಿ ಥರ ಹೆಣೆದುಕೊಂಡಿತ್ತು. ಉಗುರಿನಲ್ಲಿ ಎಳೆದರೆ ಒಂದು ಬೂದು ಪಟ್ಟಿ ಹಾಗೇ ಎದ್ದು ಬಂತು. ಅದರಲ್ಲಿ ಕೂದಲೂ ಇತ್ತು.

ಬಾಯಿಂದ ಊದಬೇಕು ಅನ್ನಿಸುತ್ತದೆ, ಊದಬೇಡಿ. ಊದಿದರೆ ಧೂಳು ಹೊರಗೆ ಬರುವ ಬದಲು ಒಳಗಿನ ಬೋರ್ಡಿನ ಮೇಲೆ ಹೋಗಿ ಕೂರುತ್ತದೆ. ನಾನು ಒಂದು ಕೈಯಲ್ಲಿ ಒಣಗಿದ ಮೆತ್ತನೆ ಪೇಂಟ್ ಬ್ರಷ್, ಇನ್ನೊಂದರಲ್ಲಿ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಹಿಡಿದೆ. ಬ್ರಷ್‌ನಿಂದ ಧೂಳು ಬಿಡಿಸುವುದು, ಪಕ್ಕದಲ್ಲೇ ಕೊಳವೆಯಿಂದ ಎಳೆದುಕೊಳ್ಳುವುದು. ಕೊಳವೆಯನ್ನು ಟಿವಿಗೆ ತಾಗಿಸದೆ ಬೆರಳಗಲ ದೂರ ಇಟ್ಟೆ. ನೀರು, ಸ್ಪ್ರೇ ಯಾವುದನ್ನೂ ಹತ್ತಿರ ತರಲಿಲ್ಲ. ಹಿಂದಿನ ಮುಚ್ಚಳವನ್ನೂ ಬಿಚ್ಚಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೋರಾಗಿ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.

ಇಷ್ಟೆಲ್ಲ ಮಾಡಿ ಹಾಕಿದರೆ 50 ನಿಮಿಷಕ್ಕೆ ಆಫ್! ಸುಧಾರಿಸಿತ್ತು, ವಾಸಿಯಾಗಿರಲಿಲ್ಲ. ತಪ್ಪು ಜಾಗದ್ದು ಅಂತ ಆಗ ಹೊಳೆಯಿತು. ನಮ್ಮ ಟಿವಿ ಮರದ ಗೂಡಿನೊಳಗಿತ್ತು. ಹಿಂದೆ ಎರಡು ಬೆರಳು ಜಾಗ, ಮೇಲೆ ಹಲಗೆ. ಜೊತೆಗೆ ಸೆಟ್‌ಟಾಪ್ ಬಾಕ್ಸ್ ಸರಿಯಾಗಿ ಟಿವಿಯ ಕೆಳಗಿನ ಕಿಂಡಿಗಳಡಿಯಲ್ಲೇ ಕೂತು, ತನ್ನ ಬಿಸಿಯನ್ನೂ ಅದಕ್ಕೇ ಕೊಡುತ್ತಿತ್ತು. ಮೇಲೆ ಬಂದ ಬಿಸಿಗಾಳಿ ಹಲಗೆಗೆ ಬಡಿದು ಅಲ್ಲೇ ಸುತ್ತುತ್ತಿತ್ತು. ಬಾಕ್ಸನ್ನು ಪಕ್ಕಕ್ಕಿಟ್ಟೆ. ಟಿವಿಯನ್ನು ಗೂಡಿನಿಂದ ತೆಗೆದು, ಸುತ್ತ 10 ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಬಿಟ್ಟು, ಒಂದು ತಗ್ಗಿನ ಮೇಜಿನ ಮೇಲಿಟ್ಟೆ. ಪೂರ್ತಿ ಏರಿಸಿಟ್ಟಿದ್ದ ಬ್ಯಾಕ್‌ಲೈಟನ್ನೂ ಅರ್ಧಕ್ಕೆ ಇಳಿಸಿದೆ. ಬೆಳಕು ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. ರಾತ್ರಿ ಹೊತ್ತು ಅಷ್ಟು ಬೆಳಕು ಬೇಕಾಗಿಯೂ ಇರಲಿಲ್ಲ. ಮತ್ತೆ ಗಡಿಯಾರ ಇಟ್ಟುಕೊಂಡು ಕೂತೆ. 3 ಗಂಟೆ ಆದರೂ ಓಡುತ್ತಲೇ ಇತ್ತು, ಕೊನೆಗೆ ನಾನೇ ಆಫ್ ಮಾಡಿದೆ.

ಗಾಳಿ ಬಿಟ್ಟರೂ ಫ್ಯಾನ್ ಇಟ್ಟರೂ ಏನೂ ಬದಲಾಗದಿದ್ದರೆ ತೊಂದರೆ ಬೇರೆ. ಆಫ್ ಆದಾಗ ಕೆಂಪು ದೀಪವೂ ಆರಿದರೆ ಮೊದಲು ಪ್ಲಗ್, ಸಾಕೆಟ್ ಸಡಿಲವಿದೆಯೇ ನೋಡಿ. ತಣ್ಣಗಿದ್ದಾಗಲೇ ಆನ್ ಆಗಲು ಒದ್ದಾಡಿ, ಬಿಸಿಯಾದ ಮೇಲೆ ಸರಿ ಹೋಗುವ ಟಿವಿ ಇದ್ದರೆ ಅದು ನನ್ನ ಕೇಸಿಗೆ ಪೂರ್ತಿ ಉಲ್ಟಾ. ಅಲ್ಲಿ ಪವರ್ ಬೋರ್ಡಿನ ಕೆಪಾಸಿಟರ್ ಕೆಟ್ಟಿರುವ ಸಾಧ್ಯತೆ ಇದೆ. ಧೂಳು ಹೊಡೆದು ಉಪಯೋಗವಿಲ್ಲ, ರಿಪೇರಿಯವರಿಗೇ ತೋರಿಸಬೇಕು. ಕೆಂಪು ದೀಪ ಲೆಕ್ಕ ಹಾಕಿದ ಹಾಗೆ ಮಿಣುಕುತ್ತಿದ್ದರೆ ಎಷ್ಟು ಸಲ ಅಂತ ಎಣಿಸಿ ಹೇಳಿ. ಹಲವು ಟಿವಿಗಳಲ್ಲಿ ಆ ಎಣಿಕೆಯೇ ದೋಷದ ಗುರುತು.

ಎಲ್ಲ ಸರಿಯಾಗಿ ಎರಡು ವಾರ ಆಗಿರಬಹುದು, ಒಂದು ರಾತ್ರಿ ಟಿವಿ ಮತ್ತೆ ಆಫ್ ಆಯಿತು. ನಾನು ಬ್ರಷ್ ಹುಡುಕಲು ಎದ್ದೆ. "ಅಪ್ಪ, ನಿದ್ದೆ ಬಂದ್ರೆ ಆಫ್ ಆಗ್ಲಿ ಅಂತ ನಾನೇ ಒಂದು ಗಂಟೆ ಟೈಮರ್ ಹಾಕಿದ್ದೆ" ಎಂದ ಮಗ. ಪರದೆ ಮೇಲೆ ಸೂಚನೆಯೂ ಬಂದಿತ್ತಂತೆ. ನಾನು ತೂಕಡಿಸುತ್ತಿದ್ದೆ, ನೋಡಿರಲಿಲ್ಲ.