ನಾನಿಲ್ಲದ ದಿನದ ಗಣಿತದ ಪಿರಿಯಡ್

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎಂಟನೇ ತರಗತಿಗೆ ಒಂದು ಚರಾಕ್ಷರದ ಸಮೀಕರಣಗಳನ್ನು ಶುರುಮಾಡಿ ಮೂರನೇ ದಿನವೇ ತರಬೇತಿಗೆ ಹೋಗಬೇಕಾಗಿ ಬಂತು. ಬದಲಿ ಪಿರಿಯಡ್ ಸಮಾಜ ವಿಜ್ಞಾನದ ಮೇಷ್ಟ್ರ ಪಾಲಿಗೆ ಬಿತ್ತು. 'ಅಭ್ಯಾಸದ ಮೊದಲ ಎಂಟು ಲೆಕ್ಕ ಮಾಡಿಸಿ ಸರ್' ಎಂದು ಚೀಟಿ ಬರೆದುಕೊಟ್ಟು ಹೋದೆ.

ವಾಪಸ್ ಬಂದು ನೋಟ್‌ಬುಕ್ ತೆರೆದರೆ, ಒಂಬತ್ತು ಮಕ್ಕಳು 3x = 12 ಎಂಬ ಲೆಕ್ಕಕ್ಕೆ x = −4 ಎಂದು ಬರೆದಿದ್ದರು. ಆದದ್ದು ಇಷ್ಟು. ಒಬ್ಬ ಹುಡುಗಿ ಎದ್ದು ನಿಂತು, '3 ಆ ಕಡೆ ಹೋದರೆ ಏನಾಗುತ್ತೆ ಸರ್?' ಎಂದು ಕೇಳಿದ್ದಾಳೆ. ತಾವು ಓದುವಾಗ ಕಲಿತದ್ದನ್ನು ನೆನಪಿಸಿಕೊಂಡು ಅವರು, 'ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ' ಎಂದಿದ್ದಾರೆ. ಕೂಡಿರುವ, ಕಳೆದಿರುವ ಪದಗಳ ಪಕ್ಷಾಂತರಕ್ಕೆ ಅದು ಸರಿ. ಗುಣಿಸಿರುವ 3ಕ್ಕೆ ಸರಿಯಲ್ಲ. ಮಕ್ಕಳು 12ನ್ನು −3ರಿಂದ ಭಾಗಿಸಿಬಿಟ್ಟಿದ್ದರು. ಅದನ್ನು ಸರಿಪಡಿಸಲು ನನಗೆ ಎರಡು ದಿನ ಬೇಕಾಯಿತು. ತಪ್ಪು ಅವರದಲ್ಲ. ವಿವರಣೆ ಇಲ್ಲದೆ ಮುಂದೆ ಹೋಗದಂಥ ಕೆಲಸ ಕೊಟ್ಟು, ಆ ವಿವರಣೆಯನ್ನು ಅವರ ತಲೆಗೆ ಕಟ್ಟಿದವನು ನಾನು.

ಮುಂದಿನ ಸಲ ತರಬೇತಿಯ ಸುತ್ತೋಲೆ ಬಂದಾಗ, ಮೊದಲು ನನ್ನ ಪಾಠ ಯೋಜನೆಯನ್ನೇ ಮುಂದಿಟ್ಟುಕೊಂಡೆ. 'ವಿವರಿಸುವುದು', 'ಚರ್ಚಿಸುವುದು' ಎಂದಿದ್ದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಒಟ್ಟು ಐದು ಜಾಗ. ನಾನಿಲ್ಲದಾಗ ಪಾಠ ಕುಸಿಯುವುದು ಅಲ್ಲೇ. ಪ್ರತಿಯೊಂದಕ್ಕೂ ಎರಡೇ ದಾರಿ: ಆ ವಿವರಣೆಯನ್ನು ಹಾಳೆಯ ಮೇಲೇ ತರಬೇಕು, ಇಲ್ಲವೇ ಆ ಭಾಗವನ್ನು ಅವತ್ತಿನ ಮಟ್ಟಿಗೆ ತೆಗೆದುಹಾಕಬೇಕು. ಉತ್ತರ ಋಣಸಂಖ್ಯೆ ಬರುವ ಲೆಕ್ಕಗಳನ್ನೂ x ಎರಡೂ ಕಡೆ ಬರುವ ಲೆಕ್ಕಗಳನ್ನೂ ತೆಗೆದುಹಾಕಿದೆ. ಹೊಸದೇನನ್ನೂ ಇಡಲಿಲ್ಲ. ಹಿಂದಿನ ದಿನ ನಾನೇ ಮಾಡಿ ತೋರಿಸಿದ್ದರ ಅಭ್ಯಾಸ ಮಾತ್ರ ಉಳಿಯಿತು.

ಹಾಳೆಯನ್ನು ಬರೆದದ್ದು ಮಕ್ಕಳಿಗೆ, ಬದಲಿ ಮೇಷ್ಟ್ರಿಗಲ್ಲ. 'ನೀನು ಹೀಗೆ ಮಾಡು' ಎಂದು ನೇರವಾಗಿ. ಹಾಳೆಯ ಮೇಲ್ಭಾಗದಲ್ಲಿ ಒಂದು ಮಾಡಿದ ಲೆಕ್ಕ, ಪ್ರತಿ ಸಾಲಿನ ಪಕ್ಕ ಅದರ ಕಾರಣ:

```
3x + 5 = 20
3x + 5 − 5 = 20 − 5    (ಎರಡೂ ಕಡೆ 5 ಕಳೆದೆ)
3x = 15
3x ÷ 3 = 15 ÷ 3        (ಎರಡೂ ಕಡೆ 3ರಿಂದ ಭಾಗಿಸಿದೆ)
x = 5
ತಾಳೆ: 3 × 5 + 5 = 20
```

ಪಕ್ಷಾಂತರ ಎಂಬ ಮಾತನ್ನು ಬೇಕೆಂದೇ ಬಿಟ್ಟೆ. 'ಎರಡೂ ಕಡೆ ಒಂದೇ ಕೆಲಸ' ಎಂದು ಬರೆದರೆ ಚಿಹ್ನೆಯ ಪ್ರಶ್ನೆಯೇ ಏಳುವುದಿಲ್ಲ. ಬರೀ 'ಓದಿರಿ' ಎಂದರೆ ಮಕ್ಕಳು ಕಣ್ಣಾಡಿಸಿ ಬಿಡುತ್ತಾರೆ. ಅದಕ್ಕೆ ಕೆಳಗೇ ಒಂದು ಪ್ರಶ್ನೆ: 'ಮೂರನೇ ಸಾಲಿನಲ್ಲಿ +5 ಯಾಕೆ ಕಾಣುತ್ತಿಲ್ಲ? ಒಂದು ವಾಕ್ಯದಲ್ಲಿ ಬರೆ.'

ಆಮೇಲೆ ಅರ್ಧ ಮಾಡಿಟ್ಟ ಲೆಕ್ಕಗಳು. 4x + 7 = 31ಕ್ಕೆ ಎಲ್ಲ ಸಾಲನ್ನೂ ಬರೆದು ಸಂಖ್ಯೆಗಳ ಜಾಗ ಖಾಲಿ ಬಿಟ್ಟೆ. 5x − 4 = 31ಕ್ಕೆ ಬರೀ ಕಾರಣಗಳನ್ನು ಕೊಟ್ಟು, ಸಾಲುಗಳನ್ನು ಅವರಿಗೇ ಬಿಟ್ಟೆ. 2x + 9 = 25ಕ್ಕೆ ಏನನ್ನೂ ಕೊಡಲಿಲ್ಲ. ಮೆಟ್ಟಿಲು ಇಷ್ಟು ಚಿಕ್ಕದಾಗಿದ್ದರೆ ಹಿಂದಿನ ಲೆಕ್ಕವೇ ಮುಂದಿನದಕ್ಕೆ ವಿವರಣೆ. ಎಲ್ಲದಕ್ಕೂ ಕೊನೆಯಲ್ಲಿ ತಾಳೆ. ಬದಲಿ ಪಿರಿಯಡ್ಡಿಗೆ ಸಮೀಕರಣ ಒಗ್ಗುವುದೇ ಈ ತಾಳೆಯಿಂದ: ಉತ್ತರ ಸರಿಯೋ ತಪ್ಪೋ ಎಂದು ಮಗು ಯಾರನ್ನೂ ಕೇಳಬೇಕಿಲ್ಲ.

ಕೊನೆಯಲ್ಲಿ ಒಂದು ತಪ್ಪು ಲೆಕ್ಕ ಇಟ್ಟೆ. 'ಒಬ್ಬ ಹುಡುಗ 3x = 12, ಆದ್ದರಿಂದ x = 12 − 3 = 9 ಎಂದು ಬರೆದಿದ್ದಾನೆ. ತಾಳೆ ನೋಡು. ಅವನು ಎಲ್ಲಿ ಎಡವಿದ? ಅವನಿಗೆ ಹೇಳುವಂತೆ ಎರಡು ಸಾಲು ಬರೆ.' ಬೇಗ ಮುಗಿಸಿದವರು x = 4 ಬರುವ ಸಮೀಕರಣವನ್ನು ತಾವೇ ಕಟ್ಟಿ ಪಕ್ಕದವರಿಗೆ ಕೊಡಬೇಕು. ನಮ್ಮಲ್ಲಿ ಪಿರಿಯಡ್ 40 ನಿಮಿಷದ್ದು. ಮಕ್ಕಳು ಕೂತು ಹಾಜರಿ ಮುಗಿಯುವುದರಲ್ಲಿ ಐದಾರು ನಿಮಿಷ ಹೋಗುತ್ತದೆ. ಹಾಗಾಗಿ 30 ನಿಮಿಷಕ್ಕಾಗುವಷ್ಟೇ ಕೆಲಸ ಇಟ್ಟೆ.

ಹೋಗುವ ಮುಂಚಿನ ದಿನ ಸ್ಟಾಫ್‌ರೂಮಿನಲ್ಲಿ ಹಿಂದಿ ಮೇಡಂ ಕೈಗೆ ಹಾಳೆ ಕೊಟ್ಟು, 'ಮೇಡಂ, ನನ್ನನ್ನ ಏನೂ ಕೇಳದೆ ಇದನ್ನ ಮಾಡಿ ನೋಡ್ತೀರಾ?' ಎಂದೆ. ಬದಲಿ ಅವರದೇ ಇತ್ತು. ಪಕ್ಕದಲ್ಲಿ ಸುಮ್ಮನೆ ಕೂತೆ. ಬಾಯಿ ಮುಚ್ಚಿಕೊಂಡಿರುವುದು ಬಹಳ ಕಷ್ಟವಾಯಿತು. ಮೊದಲ ಖಾಲಿ ಜಾಗಗಳನ್ನು ತುಂಬಿ x = 6 ತಂದರು. ತಾಳೆಗೆ ಬಂದಾಗ ಪೆನ್ನು ನಿಂತಿತು. x ಅಳಿಸಿ ಅದೇ ಜಾಗಕ್ಕೆ 6 ಹಾಕಿದರು: 46 + 7. 'ಐವತ್ತಮೂರು ಬಂತಲ್ಲ ಸರ್, 31 ಬರಬೇಕಲ್ವಾ?' ಎಂದರು.

ನನಗೆ ಅದು ಹೊಳೆದೇ ಇರಲಿಲ್ಲ. 4x ಎಂದರೆ 4 × x ಎಂಬುದು ನನಗೆ ಎಷ್ಟು ರೂಢಿಯೆಂದರೆ, ನಡುವಿನ ಗುಣಾಕಾರ ಚಿಹ್ನೆ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಮರೆತುಹೋಗಿತ್ತು. ತರಗತಿಯಲ್ಲಿ ಬಾಯಲ್ಲಿ ಹೇಳಿಬಿಡುತ್ತಿದ್ದೆ, ಅದು ಹಾಳೆಗೆ ಬಂದಿರಲಿಲ್ಲ. ಹಾಳೆಯ ತುದಿಯಲ್ಲಿ '4x ಎಂದರೆ 4 × x. x = 6 ಆದರೆ ಅದು 24, 46 ಅಲ್ಲ' ಎಂದು ಸೇರಿಸಿದೆ. 'ತಾಳೆ ನೋಡು' ಎಂದಿದ್ದ ಕಡೆ 'ನಿನ್ನ ಉತ್ತರವನ್ನು ಮೊದಲ ಸಾಲಿನ x ಬದಲಿಗೆ ಹಾಕು, ಎರಡೂ ಕಡೆ ಒಂದೇ ಸಂಖ್ಯೆ ಬಂತಾ ನೋಡು' ಎಂದು ಬಿಡಿಸಿ ಬರೆದೆ. ಆಮೇಲೆಯೇ ಜೆರಾಕ್ಸ್‌ಗೆ ಕೊಟ್ಟದ್ದು. 42 ಮಕ್ಕಳು, ಇಬ್ಬರಿಗೊಂದರಂತೆ 21 ಪ್ರತಿ. ಉತ್ತರ ಮಾತ್ರ ಪ್ರತಿಯೊಬ್ಬರೂ ತಮ್ಮದೇ ಬಿಡಿ ಹಾಳೆಯಲ್ಲಿ ಬರೆಯಬೇಕು.

ಮೇಡಂಗೆಂದು ಬೇರೆ ಅರ್ಧ ಪುಟ. ಅದರಲ್ಲಿ ಗಣಿತವೇ ಇಲ್ಲ, ಉತ್ತರಗಳನ್ನು ಬಿಟ್ಟರೆ. ಹಾಳೆ ಹಂಚುವುದು ಯಾರು, ಯಾವಾಗ ವಾಪಸ್ ತೆಗೆದುಕೊಳ್ಳಬೇಕು, ಯಾವ ಇಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಬಾರದು. ಮಕ್ಕಳು ಸಹಾಯ ಕೇಳಿದರೆ ಹೇಳಲು ಮೂರೇ ಮಾತು: 'ತಾಳೆ ನೋಡಿದೆಯಾ?', 'ಮೇಲಿನ ಲೆಕ್ಕದಲ್ಲಿ ಇದೇ ಥರದ ಸಾಲು ಯಾವುದು?', ಅದೂ ಆಗದಿದ್ದರೆ 'ಅಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕು, ಮುಂದಿನದಕ್ಕೆ ಹೋಗು'. ಕೊನೆಗೆ, 'ದಯವಿಟ್ಟು ಯಾವ ನಿಯಮವನ್ನೂ ಹೇಳಿಕೊಡಬೇಡಿ ಮೇಡಂ, ಅದು ನನ್ನ ಕೆಲಸ' ಎಂದು ಬರೆದಿದ್ದೆ. ಈ ಸಾಲಿಂದ ಬೇಜಾರಾದೀತೇನೋ ಎಂದು ಅಂಜಿದ್ದೆ. ಅದನ್ನು ಓದಿದ ಮೇಲೇ ತಮಗೆ ನಿರಾಳವಾದದ್ದು ಎಂದು ಅವರು ಆಮೇಲೆ ಹೇಳಿದರು.

ಒಂದು ಮಿತಿ ಹೇಳಲೇಬೇಕು. ಹೊಸ ಪರಿಕಲ್ಪನೆಗೆ ಇದು ನಡೆಯುವುದಿಲ್ಲ. ಸಮೀಕರಣದ ಮೊದಲ ದಿನವೇ ನಾನು ಗೈರಾಗಿದ್ದರೆ ಈ ಹಾಳೆ ಕೊಡುತ್ತಿರಲಿಲ್ಲ, ಹಿಂದಿನ ಅಧ್ಯಾಯದ ಅಭ್ಯಾಸ ಇಡುತ್ತಿದ್ದೆ. ದಿಢೀರ್ ರಜೆಗೆಂದು ಮುಗಿದ ಪಾಠಗಳದ್ದು ಎರಡು ಹಾಳೆ ಸ್ಟಾಫ್‌ರೂಮಿನ ಬೀರುವಿನಲ್ಲಿ ಈಗ ಸದಾ ಇರುತ್ತವೆ.

ವಾಪಸ್ ಬಂದ ದಿನ ಬೆಳಗ್ಗೆ ಹಾಳೆಗಳನ್ನು ಮೂರು ಗುಡ್ಡೆ ಮಾಡಿದೆ. ಮೂರೂ ಲೆಕ್ಕ ಮುಗಿಸಿ ತಾಳೆ ನೋಡಿದವರು 27, ಎರಡನೇ ಲೆಕ್ಕದಲ್ಲಿ ನಿಂತವರು 11, ಅವತ್ತು ಬಾರದವರು ನಾಲ್ಕು. ನಿಂತ ಹನ್ನೊಂದರಲ್ಲಿ ಎಂಟು ಮಂದಿ ಪ್ರಶ್ನೆಚಿಹ್ನೆ ಹಾಕಿದ್ದು ಒಂದೇ ಜಾಗದಲ್ಲಿ: −4 ಇರುವಾಗ ಎರಡೂ ಕಡೆ 4 ಕೂಡುವುದು. ಅವತ್ತಿನ ಪಿರಿಯಡ್ ಎಲ್ಲಿಂದ ಶುರು ಮಾಡಬೇಕೆಂದು ನಾನು ಯೋಚಿಸಬೇಕಾಗಲಿಲ್ಲ. ಮೊದಲು, ತಪ್ಪು ಮಾಡಿದ ಹುಡುಗನಿಗೆ ಒಬ್ಬ ಹುಡುಗಿ ಬರೆದಿದ್ದ ಉತ್ತರವನ್ನು ಬೋರ್ಡಿನ ಮೇಲೆ ಹಾಗೇ ಬರೆದೆ: '3 ಅಲ್ಲಿ ಕೂಡಿಕೊಂಡಿಲ್ಲ ಕಣೋ, ಗುಣಿಸಿಕೊಂಡಿದೆ. ಕಳೆದರೆ ಹೋಗಲ್ಲ, ಭಾಗಿಸು.' ಅದರ ಕೆಳಗೆ 5x − 4 = 31 ಬರೆದು, 'ಇಲ್ಲಿ 4 ಏನು ಮಾಡಿಕೊಂಡಿದೆ?' ಎಂದು ಕೇಳಿದೆ.