ಕರೆಂಟ್ ಕೊಟ್ಟ ನಂತರದ ನಾಲ್ಕನೆಯ ವರ್ಷ

ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ವೈದ್ಯನಾಗಿ ಮೊದಲ ಹಲವು ವರ್ಷ ನಾನು ರೋಗಿಗಳಿಗೆ ಒಂದು ಮಾತನ್ನು ಸಲೀಸಾಗಿ ಹೇಳುತ್ತಿದ್ದೆ: ‘ಆಪರೇಷನ್ ಮಾಡಿಸಿಕೊಂಡರೆ ಗಂಡಸುತನಕ್ಕೆ ತೊಂದರೆಯಾಗುತ್ತದೆ, ಕರೆಂಟ್ ಕೊಡಿಸಿಕೊಂಡರೆ ಅಷ್ಟು ಆಗುವುದಿಲ್ಲ.’ ಮೊದಲ ಒಂದೆರಡು ವರ್ಷದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಅದು ಎಷ್ಟು ಕಾಲದವರೆಗಿನ ಮಾತು ಎಂಬುದನ್ನು ನಾನು ಹೇಳುತ್ತಿರಲಿಲ್ಲ, ಕೇಳುವವರೂ ಕೇಳುತ್ತಿರಲಿಲ್ಲ. ಅದನ್ನು ನನಗೆ ತಿಳಿಸಿಕೊಟ್ಟವರು ನಿವೃತ್ತ ಉಪನ್ಯಾಸಕರೊಬ್ಬರು ಮತ್ತು ಅವರ ಷಡ್ಡಕ. ಇಬ್ಬರಿಗೂ ಒಂದೇ ವರ್ಷ ಕಾಯಿಲೆ ಪತ್ತೆಯಾಗಿತ್ತು. ಒಬ್ಬರು ವಿಕಿರಣವನ್ನು, ಇನ್ನೊಬ್ಬರು ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡಿದ್ದರು. (ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಉಪನ್ಯಾಸಕರಿಗೆ ಆಗ 62 ವರ್ಷ. ಕಾಯಿಲೆಯ ಸುಳಿವು ಕೊಡುವ ರಕ್ತಪರೀಕ್ಷೆಯಾದ ಪಿಎಸ್ಎ 11, ಗಡ್ಡೆಯ ಉಗ್ರತೆಯನ್ನು ಹೇಳುವ ಗ್ಲೀಸನ್ ದರ್ಜೆ 3+4, ಗಡ್ಡೆ ಗ್ರಂಥಿಯ ಒಳಗೇ ಇತ್ತು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದು, ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ತಗ್ಗಿಸುವ ಆರು ತಿಂಗಳ ಹಾರ್ಮೋನ್ ಇಂಜೆಕ್ಷನ್ ಜೊತೆಗೆ 20 ದಿನಗಳಲ್ಲಿ ಒಟ್ಟು 60 ಗ್ರೇ ವಿಕಿರಣ ಕೊಡುವುದೆಂದು ತೀರ್ಮಾನಿಸಿದೆವು. ಪುಣ್ಯಕ್ಕೆ, ಚಿಕಿತ್ಸೆಗೆ ಮೊದಲೇ ನಿಮಿರುವಿಕೆಯ ಸ್ಥಿತಿಯನ್ನು ಅಂಕದಲ್ಲಿ ಬರೆದಿಡುವ ಅಭ್ಯಾಸವನ್ನು ನಾನು ಆ ಹೊತ್ತಿಗೆ ಶುರುಮಾಡಿದ್ದೆ. ಐದು ಪ್ರಶ್ನೆಗಳು, ಪ್ರತಿಯೊಂದಕ್ಕೂ ಗರಿಷ್ಠ ಐದು ಅಂಕ, ಒಟ್ಟು 25. 22 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೊಂದರೆಯಿಲ್ಲ, 7ಕ್ಕಿಂತ ಮೇಲೇಳದಿದ್ದರೆ ತೀವ್ರ ಕೊರತೆ. ಅವರಿಗೆ ಬಂದದ್ದು 20. ಈ ಪ್ರಶ್ನೆಗಳನ್ನು ಅಚ್ಚುಕಟ್ಟಾದ ಕನ್ನಡಕ್ಕೆ ತಂದುಕೊಂಡರೂ ಕೇಳುವುದು ಸುಲಭವಲ್ಲ. ‘ನರದ ವೀಕ್ನೆಸ್ ಇದೆಯಾ’ ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಬೆಳಗಿನ ಜಾವ ಎಚ್ಚರವಾದಾಗ ಮೊದಲಿನ ಹಾಗೆ ಗಟ್ಟಿಯಾಗಿರುತ್ತದೆಯೇ’ ಎಂದು ಹೆಂಡತಿ ಹೊರಗಿರುವಾಗ ಮೆಲ್ಲಗೆ ಕೇಳಿದರೆ ಉತ್ತರ ಬರುತ್ತದೆ. ಆಮೇಲೆ ಹೆಂಡತಿಯನ್ನೂ ಒಳಗೆ ಕರೆದು ಕೂರಿಸಿ ಮಾತಾಡಬೇಕು, ಏಕೆಂದರೆ ಮುಂದಿನ ವರ್ಷಗಳಲ್ಲಿ ಆಗುವುದು ಇಬ್ಬರಿಗೂ ಸೇರಿದ್ದು.

ಅವರ ಷಡ್ಡಕರಿಗೆ 57 ವರ್ಷ, ಸಕ್ಕರೆ ಕಾಯಿಲೆ ಇರಲಿಲ್ಲ. ಬೇರೆ ಆಸ್ಪತ್ರೆಯಲ್ಲಿ ಎರಡೂ ಬದಿಯ ನರಗಳನ್ನು ಉಳಿಸಿ ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. ನಿಮಿರುವಿಕೆಗೆ ಬೇಕಾದ ನರಗಳು ಪ್ರಾಸ್ಟೇಟಿನ ಹಿಂಬದಿಯ ಎರಡು ಮೂಲೆಗಳಲ್ಲಿ, ರಕ್ತನಾಳಗಳ ಜೊತೆ ಹೆಣೆದುಕೊಂಡು ಅದಕ್ಕೆ ಅಂಟಿಕೊಂಡಂತೆ ಸಾಗುತ್ತವೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಶ್ ಮತ್ತು ನೆದರ್‌ಲ್ಯಾಂಡ್ಸಿನ ಪೀಟರ್ ಡಾಂಕರ್ ಸೇರಿ ಅವುಗಳ ಜಾಡನ್ನು ಗುರುತಿಸುವವರೆಗೆ, ಗ್ರಂಥಿ ತೆಗೆಯುವಾಗ ಅವೂ ಹೋಗುವುದು ಬಹುತೇಕ ಖಚಿತವಾಗಿತ್ತು. ಈಗ ಉಳಿಸಬಹುದು; ಆದರೆ ಉಳಿಸಿದ ನರವೂ ಬಿಡಿಸುವಾಗ ಎಳೆದಾಟಕ್ಕೆ ಸಿಕ್ಕಿ ತಿಂಗಳುಗಟ್ಟಲೆ ಮಂಕಾಗಿ ಬಿಡುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆಯ ನಷ್ಟ ಮೊದಲ ದಿನವೇ ಕಾಣುತ್ತದೆ, ಮತ್ತು ಬರುವ ಚೇತರಿಕೆ ಒಂದೂವರೆ ಎರಡು ವರ್ಷದವರೆಗೆ ಬರುತ್ತಲೇ ಇರುತ್ತದೆ. ಷಡ್ಡಕರ ಅಂಕ ಮೂರನೆಯ ತಿಂಗಳಲ್ಲಿ 3 ಇದ್ದದ್ದು, ಒಂದು ವರ್ಷಕ್ಕೆ 8 ಆಗಿ, ಎರಡು ವರ್ಷಕ್ಕೆ ಮಾತ್ರೆಯ ಸಹಾಯದಿಂದ 14ಕ್ಕೆ ಬಂದು ಅಲ್ಲೇ ನಿಂತಿತು.

ವಿಕಿರಣದ ದಾರಿ ಬೇರೆ. ಅದು ನರವನ್ನು ಆ ಕ್ಷಣಕ್ಕೆ ಕತ್ತರಿಸುವುದೂ ಇಲ್ಲ, ಎಳೆಯುವುದೂ ಇಲ್ಲ. ಪ್ರಾಸ್ಟೇಟಿನ ಸುತ್ತ ಹಾದುಹೋಗುವ ಸಣ್ಣ ರಕ್ತನಾಳಗಳ ಒಳಪದರಕ್ಕೆ ಏಟು ಬೀಳುತ್ತದೆ. ಆ ಪದರ ತಿಂಗಳುಗಳ ಮೇಲೆ ದಪ್ಪವಾಗುತ್ತ, ನಾಳದ ಹರಹು ಕಿರಿದಾಗುತ್ತ ಬರುತ್ತದೆ, ಶಿಶ್ನದ ಬುಡದ ಮೆತ್ತನೆಯ ಅಂಗಾಂಶದಲ್ಲಿ ನಾರು ಕಟ್ಟತೊಡಗುತ್ತದೆ. ನರಕ್ಕೂ ಕಾಲಕ್ರಮದಲ್ಲಿ ಪೆಟ್ಟು ಬೀಳುತ್ತದೆ, ಆದರೆ ಮುಖ್ಯ ತೊಂದರೆ ರಕ್ತ ಹರಿದು ಬರುವುದರಲ್ಲಿ. ಹಳೆಯ ನಲ್ಲಿಯ ಪೈಪಿನಲ್ಲಿ ಸುಣ್ಣ ಕಟ್ಟುವ ಹಾಗೆ ಎಂದು ನಾನು ರೋಗಿಗಳಿಗೆ ಹೇಳುವುದುಂಟು: ನೀರು ಒಂದು ದಿನ ನಿಂತುಹೋಗುವುದಿಲ್ಲ, ಬಿಂದಿಗೆ ತುಂಬಲು ವರ್ಷದಿಂದ ವರ್ಷಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಈ ನಿಧಾನಗತಿಯ ಮೇಲೆ ಹಾರ್ಮೋನ್ ಇಂಜೆಕ್ಷನ್ ಪರದೆ ಎಳೆಯುತ್ತದೆ, ನಾನು ಎಡವಿದ್ದೂ ಅಲ್ಲೇ. ಇಂಜೆಕ್ಷನ್ನಿನ ಕಾಲದಲ್ಲಿ ಟೆಸ್ಟೋಸ್ಟಿರೋನ್ ನೆಲ ಕಚ್ಚುವುದರಿಂದ ಆಸೆಯೇ ಇರುವುದಿಲ್ಲ. ಆರನೆಯ ತಿಂಗಳಲ್ಲಿ ಉಪನ್ಯಾಸಕರ ಅಂಕ 6. ಅದು ವಿಕಿರಣದ ಫಲವಲ್ಲ, ಇಂಜೆಕ್ಷನ್ನಿನದು. ಹದಿನೈದನೆಯ ತಿಂಗಳಿಗೆ ಟೆಸ್ಟೋಸ್ಟಿರೋನ್ 340ಕ್ಕೆ ಮರಳಿತ್ತು, ಅಂಕ 16ಕ್ಕೆ ಏರಿತ್ತು. ನಾನು ಸಂತೋಷದಿಂದ, ‘ನೋಡಿ ಸರ್, ಎಲ್ಲ ವಾಪಸ್ ಬಂತು’ ಎಂದುಬಿಟ್ಟೆ. ಬಂದದ್ದು ಹಾರ್ಮೋನು ಮಾತ್ರ. ರಕ್ತನಾಳದ ಬದಲಾವಣೆ ಆಗಿನ್ನೂ ಶುರುವಿನ ಹಂತದಲ್ಲಿತ್ತು. ಎರಡನೆಯ ವರ್ಷ 15, ಮೂರನೆಯ ವರ್ಷ 13, ನಾಲ್ಕನೆಯ ವರ್ಷ 10. ಪ್ರತಿ ಭೇಟಿಯಲ್ಲೂ ಪಿಎಸ್ಎ 0.2ರ ಆಸುಪಾಸಿನಲ್ಲೇ ಇದ್ದದ್ದರಿಂದ ನಾನು ವರದಿ ನೋಡಿ ನಕ್ಕು ಕಳುಹಿಸುತ್ತಿದ್ದೆ; ಅಂಕದ ಹಾಳೆಯನ್ನು ನರ್ಸ್ ಫೈಲಿಗೆ ಸೇರಿಸುತ್ತಿದ್ದರು. ನಾಲ್ಕನೆಯ ವರ್ಷ ಅವರ ಹೆಂಡತಿಯೇ ಬಾಯಿಬಿಟ್ಟರು: ‘ಡಾಕ್ಟ್ರೇ, ಅಕ್ಕನ ಮನೆಯವರದು ಮೊದಲು ಪೂರ್ತಿ ಹೋಗಿತ್ತಂತೆ, ಈಗ ಪರವಾಗಿಲ್ಲವಂತೆ. ಇವರದು ಚೆನ್ನಾಗಿತ್ತು, ಈಗ ಹೋಗ್ತಾ ಇದೆ. ಇವರಿಗೆ ನನ್ನ ಮೇಲೆ ಬೇಜಾರೇನೋ ಅಂದ್ಕೊಂಡಿದ್ದೆ.’ ಫೈಲು ತೆಗೆದು ಆರು ಹಾಳೆಗಳನ್ನು ಸಾಲಾಗಿ ಇಟ್ಟಾಗ, ಆ ಇಳಿಜಾರು ಅಷ್ಟು ದಿನವೂ ನನ್ನ ಮುಂದೆಯೇ ಇದ್ದದ್ದು ಕಂಡಿತು.

ಇಬ್ಬರು ಷಡ್ಡಕರ ಕಥೆಯಿಂದ ಶಸ್ತ್ರಚಿಕಿತ್ಸೆಯೇ ಮೇಲು ಎಂದು ಯಾರೂ ತೀರ್ಮಾನಿಸಬಾರದು. ಅವರ ವಯಸ್ಸು ಬೇರೆ, ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೊಬ್ಬರಿಗೆ ಎರಡೂ ನರ ಉಳಿದಿವೆ. ದೊಡ್ಡ ಸಂಖ್ಯೆಯ ಚಿತ್ರವನ್ನು ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ ಕೊಡುತ್ತದೆ. ಅಲ್ಲಿ 1,643 ಗಂಡಸರನ್ನು ಶಸ್ತ್ರಚಿಕಿತ್ಸೆ, ವಿಕಿರಣ, ಬರೀ ನಿಗಾ ಎಂಬ ಮೂರು ಗುಂಪುಗಳಿಗೆ ಚೀಟಿ ಎತ್ತಿದಂತೆ ಹಂಚಿದ್ದರು. ಸಂಭೋಗಕ್ಕೆ ಸಾಕಾಗುವಷ್ಟು ಗಟ್ಟಿಯಾದ ನಿಮಿರುವಿಕೆ ಆರಂಭದಲ್ಲಿ 67 ಶೇಕಡ ಜನರಿಗಿತ್ತು. ಆರು ತಿಂಗಳಿಗೆ ಶಸ್ತ್ರಚಿಕಿತ್ಸೆಯವರಲ್ಲಿ 12, ವಿಕಿರಣದವರಲ್ಲಿ 22 ಶೇಕಡ. ಆರು ವರ್ಷಕ್ಕೆ ಕ್ರಮವಾಗಿ 17 ಮತ್ತು 27. ವಿಕಿರಣದವರ ಆ 22ರಲ್ಲಿ ಹಾರ್ಮೋನಿನ ಪಾಲು ಇದ್ದೇ ಇದೆ, ಏಕೆಂದರೆ ಅವರಿಗೂ ಮೂರರಿಂದ ಆರು ತಿಂಗಳು ಅದನ್ನು ಕೊಟ್ಟಿದ್ದರು. ನನ್ನ ಗಮನ ಸೆಳೆದದ್ದು ಮೂರನೆಯ ಗುಂಪು: ಬರೀ ನಿಗಾದಲ್ಲಿದ್ದವರಲ್ಲೂ ಆರು ವರ್ಷಕ್ಕೆ ಉಳಿದದ್ದು 30 ಶೇಕಡ. ಅವರಲ್ಲಿ ಕೆಲವರು ಮಧ್ಯೆ ಚಿಕಿತ್ಸೆಗೆ ಹೋದದ್ದು ನಿಜ, ಆದರೂ ವಯಸ್ಸು ಎಷ್ಟನ್ನು ಕೊಂಡೊಯ್ಯುತ್ತದೆ ಎಂಬುದೂ ಅಲ್ಲಿ ಕಾಣುತ್ತದೆ. ಅಮೆರಿಕದ ಇನ್ನೊಂದು ದೀರ್ಘ ಅಧ್ಯಯನದಲ್ಲಿ ಎರಡನೆಯ ಮತ್ತು ಐದನೆಯ ವರ್ಷ ಶಸ್ತ್ರಚಿಕಿತ್ಸೆಯವರಿಗೆ ಹೆಚ್ಚು ತೊಂದರೆಯಿದ್ದು, ಹದಿನೈದನೆಯ ವರ್ಷದ ಹೊತ್ತಿಗೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿದಿರಲಿಲ್ಲ.

ಆ ನಾಲ್ಕನೆಯ ವರ್ಷದ ಭೇಟಿಯ ನಂತರ ನಾನು ಮೂಲವನ್ನು ಹುಡುಕಿದ ಬಗೆ ಹೀಗೆ. ಟೆಸ್ಟೋಸ್ಟಿರೋನ್ ಮತ್ತೆ ನೋಡಿದೆ, ಸರಿಯಾಗಿಯೇ ಇತ್ತು. ಆಸೆಯೂ ಇದೆ ಎಂದರು. ಹಾಗಾದರೆ ಕೊರತೆ ಹಾರ್ಮೋನಿನದಲ್ಲ. ಬೆಳಗಿನ ನಿಮಿರುವಿಕೆಯೂ ಕಡಿಮೆಯಾಗಿದೆ ಎಂದದ್ದರಿಂದ ಬರೀ ಮನಸ್ಸಿನ ಅಳುಕಿನಿಂದ ಆದದ್ದೆನ್ನಲು ಬರುತ್ತಿರಲಿಲ್ಲ. ಮೂತ್ರರೋಗ ತಜ್ಞರು ನಿಮಿರುವಿಕೆ ತರಿಸುವ ಇಂಜೆಕ್ಷನ್ ಕೊಟ್ಟು, ರಕ್ತದ ಹರಿವನ್ನು ಅಳೆಯುವ ಡಾಪ್ಲರ್ ಸ್ಕ್ಯಾನ್ ಮಾಡಿದಾಗ ಶಿಶ್ನದ ಒಳ ಅಪಧಮನಿಯಲ್ಲಿ ರಕ್ತದ ವೇಗ ಸೆಕೆಂಡಿಗೆ 22 ಸೆಂಟಿಮೀಟರ್ ಬಂತು. 25ಕ್ಕಿಂತ ಕಡಿಮೆಯಾದರೆ ರಕ್ತ ಒಳಗೆ ಬರುವುದೇ ಸಾಲದು ಎಂದರ್ಥ. ವಿಕಿರಣ ಮತ್ತು ಸಕ್ಕರೆ ಕಾಯಿಲೆ ಎರಡೂ ಇದೇ ರೀತಿಯ ಗಾಯ ಮಾಡುವುದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಲಾಗದು. ಅವರಿಗೆ ನಾನು ಹಾಗೆಯೇ ಹೇಳಿದೆ.

ಹೃದಯಕ್ಕೆ ನೈಟ್ರೇಟ್ ಜಾತಿಯ, ನಾಲಿಗೆಯಡಿ ಇಡುವ ಮಾತ್ರೆಗಳನ್ನು ಬಳಸುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಬೇಕಾದಾಗ ಮಾತ್ರ ತೆಗೆದುಕೊಳ್ಳುವಂತೆ ನಿಮಿರುವಿಕೆಗೆ ನೆರವಾಗುವ ಟಡಾಲಫಿಲ್ ಮಾತ್ರೆ ಬರೆದೆ. ಅವೆರಡೂ ಸೇರಿದರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ; ಗಂಡಸರು ಮೆಡಿಕಲ್ ಶಾಪಿನಲ್ಲಿ ಕಣ್ಸನ್ನೆಯಿಂದ ಕೊಳ್ಳುವ ಮಾತ್ರೆ ಇದಾದ್ದರಿಂದ ಎರಡೆರಡು ಸಲ ಹೇಳಬೇಕಾಗುತ್ತದೆ. ಮೊದಲ ಎರಡು ಪ್ರಯತ್ನ ಫಲಿಸದೆ ಅವರು ಬಿಟ್ಟುಬಿಡುವವರಿದ್ದರು. ಸ್ಪರ್ಶವಿಲ್ಲದೆ, ಆಸೆಯಿಲ್ಲದೆ ಮಾತ್ರೆಯೊಂದೇ ಕೆಲಸ ಮಾಡದು, ಎರಡು ಗಂಟೆ ಮುಂಚೆ ನುಂಗಿ ಕನಿಷ್ಠ ಆರೇಳು ಸಲ ನೋಡಬೇಕು ಎಂದು ತಿಳಿಸಿದ ಮೇಲೆ ಅಂಕ 15ಕ್ಕೆ ಬಂತು. ವಿಕಿರಣದ ದಿನದಿಂದಲೇ ನಿತ್ಯ ಕೊಟ್ಟಿದ್ದರೆ ಈ ಇಳಿತ ತಪ್ಪುತ್ತಿತ್ತೇ ಎಂದು ಅವರು ಕೇಳಿದರು. ಅಮೆರಿಕ ಮತ್ತು ಕೆನಡಾದಲ್ಲಿ 242 ಜನರ ಮೇಲೆ ಹಾಗೆಯೇ ದಿನಕ್ಕೆ 5 ಮಿಲಿಗ್ರಾಂ ಕೊಟ್ಟು ನೋಡಿದ್ದರು. ಖಾಲಿ ಮಾತ್ರೆ ನುಂಗಿದವರಿಗಿಂತ ಅವರ ಸ್ಥಿತಿ ಗಮನಾರ್ಹವಾಗಿ ಮೇಲಿರಲಿಲ್ಲ. ಆದ್ದರಿಂದ ಮುನ್ನೆಚ್ಚರಿಕೆಗೆಂದು ನಾನು ಅದನ್ನು ಬರೆಯುವುದಿಲ್ಲ.

ನಾನು ಬದಲಿಸಿಕೊಂಡದ್ದು ಯೋಜನೆಯ ಹಂತದಲ್ಲಿ. ಬರೀ ಸಿಟಿ ಸ್ಕ್ಯಾನಿನಲ್ಲಿ ಪ್ರಾಸ್ಟೇಟಿನ ಕೆಳತುದಿ ಎಲ್ಲಿ ಮುಗಿಯುತ್ತದೆಂದು ಸರಿಯಾಗಿ ಕಾಣುವುದಿಲ್ಲ, ಅನುಮಾನದಲ್ಲಿ ಗೆರೆಯನ್ನು ಕೆಲವು ಮಿಲಿಮೀಟರ್ ಕೆಳಕ್ಕೆ ಎಳೆದುಬಿಡುತ್ತೇವೆ, ಮತ್ತು ಆ ಕೆಳಗೇ ಶಿಶ್ನದ ಬುಡದ ಉಬ್ಬು ಇರುವುದು. ಈಗ ಎಂಆರ್‌ಐಯನ್ನು ಸಿಟಿಯ ಮೇಲೆ ಹೊಂದಿಸಿಟ್ಟು ಕೆಳತುದಿಯನ್ನು ಗುರುತಿಸುತ್ತೇನೆ, ಆ ಉಬ್ಬನ್ನೂ ಬಿಡದೆ ಬರೆದು ಅದರ ಮೇಲೆ ಬೀಳುವ ಸರಾಸರಿ ಪ್ರಮಾಣವನ್ನು ನೋಡುತ್ತೇನೆ. 50 ಗ್ರೇಯ ಕೆಳಗಿರಬೇಕೆಂಬ ಮಾತು ಹಳೆಯದು. ಎಂಆರ್‌ಐ ಇದ್ದಾಗ ಅದಕ್ಕಿಂತ ಬಹಳ ಕೆಳಗೆ ಇಡಲು ಸಾಧ್ಯವಾಗುತ್ತದೆ. ಆದರೆ ಗಡ್ಡೆಯೇ ಕೆಳತುದಿಯಲ್ಲಿದ್ದರೆ ಈ ಉಳಿತಾಯಕ್ಕೆ ಹೋಗುವುದಿಲ್ಲ. ಹಿಂಬದಿಯ ನರ-ನಾಳಗಳಂತೂ ಗ್ರಂಥಿಗೆ ಅಂಟಿಕೊಂಡಿರುವುದರಿಂದ ಪೂರ್ಣ ಪ್ರಮಾಣದಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಸಮಾಲೋಚನೆಯ ದಿನ ಈಗ ಚೀಟಿಯ ಹಿಂಬದಿಯಲ್ಲಿ ಎರಡು ಗೆರೆ ಎಳೆದು ತೋರಿಸುತ್ತೇನೆ: ಒಂದು ನೇರ ಕೆಳಗೆ ಬಿದ್ದು ಎರಡು ವರ್ಷ ಮೆಲ್ಲಗೆ ಹತ್ತುವುದು, ಇನ್ನೊಂದು ಇಂಜೆಕ್ಷನ್ನಿನ ಹಳ್ಳಕ್ಕಿಳಿದು ಎದ್ದು ಆಮೇಲೆ ವರ್ಷಗಟ್ಟಲೆ ಜಾರುವುದು. ವೀರ್ಯದ ಮಾತನ್ನೂ ಅಂದೇ ಹೇಳುತ್ತೇನೆ, ಏಕೆಂದರೆ ಉಪನ್ಯಾಸಕರು ಅದನ್ನು ಕೇಳಲು ಐದು ವರ್ಷ ತೆಗೆದುಕೊಂಡರು. ಶಸ್ತ್ರಚಿಕಿತ್ಸೆಯವರಿಗೆ ಅಂದಿನಿಂದಲೇ ಸುಖವಿದ್ದರೂ ಸ್ರಾವವಿರುವುದಿಲ್ಲ. ವಿಕಿರಣದವರಿಗೆ ಅದು ಕ್ರಮೇಣ ಕಡಿಮೆಯಾಗುತ್ತ ಹಲವರಲ್ಲಿ ಪೂರ್ತಿ ನಿಲ್ಲುತ್ತದೆ. ಆರನೆಯ ವರ್ಷದಲ್ಲಿ ಮಾತ್ರೆಯ ಬಲವೂ ತಗ್ಗಿ ಉಪನ್ಯಾಸಕರ ಅಂಕ 12ಕ್ಕೆ ಇಳಿದಾಗ, ಮುಂದಿನ ಮೆಟ್ಟಿಲಾದ ವ್ಯಾಕ್ಯೂಮ್ ಪಂಪ್ ಮತ್ತು ಶಿಶ್ನಕ್ಕೇ ಕೊಡುವ ಇಂಜೆಕ್ಷನ್ ಕುರಿತು ಗಂಡ ಹೆಂಡತಿ ಇಬ್ಬರೂ ಕೂತು ಕೇಳಿಕೊಂಡರು. ಸೂಜಿ ಬೇಡವೆಂದು ಪಂಪ್ ಒಯ್ದರು. ಈಗ ಅವರು ನನ್ನ ಕೊಠಡಿಗೆ ಬಂದರೆ ಪಿಎಸ್ಎ ವರದಿಗಿಂತ ಮೊದಲು ಆ ಐದು ಪ್ರಶ್ನೆಗಳ ಹಾಳೆಯನ್ನೇ ಮೇಜಿನ ಮೇಲಿಡುತ್ತಾರೆ.